ಹಗಲು ಚಿತ್ರ, ರಾತ್ರಿ ಕತ್ತಲು: ಹಳೆಯ ಕೋಆಕ್ಸಿಯಲ್ ವೈರಿಂಗ್‌ಗೆ ಹೊಸ ಕ್ಯಾಮೆರಾ ಹಾಕಿದಾಗ ದೋಷ ಹುಡುಕುವುದು ಹೇಗೆ

ಹಳೆಯ ಅನಲಾಗ್ ಕ್ಯಾಮೆರಾ ಬಿಚ್ಚಿ, ಅದೇ ಕೇಬಲ್‌ನ ತುದಿಗೆ ಹೊಸ 1080ಪಿ ಅಥವಾ 5 ಮೆಗಾಪಿಕ್ಸೆಲ್ ಕ್ಯಾಮೆರಾ ಸಿಕ್ಕಿಸಿದ್ದೀರಿ. ಹಗಲಿಡೀ ಚಿತ್ರ ಚೆನ್ನಾಗಿ ಬರುತ್ತದೆ. ಸಂಜೆ ಕತ್ತಲಾಗುತ್ತಿದ್ದಂತೆ ಒಂದು ಚಾನೆಲ್‌ನಲ್ಲಿ `VIDEO LOSS` ಕಾಣಿಸಿಕೊಳ್ಳುತ್ತದೆ, ಕೆಲವು ಸೆಕೆಂಡಿನಲ್ಲಿ ಚಿತ್ರ ಮರಳುತ್ತದೆ, ಮತ್ತೆ ಹೋಗುತ್ತದೆ. ಕ್ಯಾಮೆರಾದ ಹತ್ತಿರ ನಿಂತರೆ ಪ್ರತಿ ಸಲವೂ ಒಳಗೆ ಟಿಕ್ ಎನ್ನುವ ಸಣ್ಣ ಸದ್ದು ಕೇಳಿಸುತ್ತದೆ. ಬೆಳಗಾದರೆ ಮತ್ತೆ ಎಲ್ಲವೂ ಸರಿ.

ಇಂಥ ಕ್ಯಾಮೆರಾವನ್ನು ಕೆಟ್ಟಿದೆ ಎಂದು ಬದಲಿಸುವವರೇ ಹೆಚ್ಚು. ಬದಲಿಸಿದ ಕ್ಯಾಮೆರಾವೂ ಅದೇ ರೀತಿ ವರ್ತಿಸಿದಾಗ ಡಿವಿಆರ್ ಮೇಲೆ ಅನುಮಾನ ಬರುತ್ತದೆ. ಆದರೆ ಮೇಲೆ ಹೇಳಿದ ಲಕ್ಷಣಗಳೆಲ್ಲ ಒಟ್ಟಿಗೆ ಇದ್ದರೆ ದೋಷ ಬಹುಮಟ್ಟಿಗೆ ಕೇಬಲ್‌ನ ಪವರ್ ತಂತಿಯಲ್ಲೇ ಇರುತ್ತದೆ. ತಂತಿ ತುಂಡಾಗಿರಬೇಕೆಂದೇನೂ ಇಲ್ಲ, ಆ ಕ್ಯಾಮೆರಾ ಕೇಳುವ ಕರೆಂಟಿಗೆ ತೆಳುವಾಗಿದ್ದರೂ ಸಾಕು.

ಕೋಆಕ್ಸಿಯಲ್ ಮತ್ತು ಪವರ್ ತಂತಿ ಒಂದೇ ಹೊದಿಕೆಯಲ್ಲಿ ಬರುವ ಕೇಬಲ್ಲನ್ನು ಕೆಲವರು ಸಯಾಮೀಸ್ ಎನ್ನುತ್ತಾರೆ. ಪವರ್‌ಗೆಂದು ಮೂರು ತೆಳು ತಂತಿ ಇರುವುದನ್ನು ತ್ರೀ ಪ್ಲಸ್ ಒನ್ ಎನ್ನುತ್ತಾರೆ. ಹೆಸರು ಯಾವುದಾದರೂ ಅದು ಒಂದೇ ಹೊದಿಕೆಯೊಳಗಿನ ಎರಡು ಬೇರೆ ದಾರಿಗಳು. ಚಿತ್ರದ ದಾರಿ ಬೇರೆ, ವಿದ್ಯುತ್ತಿನ ದಾರಿ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಅರ್ಧ ಕೆಲಸ ಮುಗಿದಂತೆ.

ಹೊಸ ಕ್ಯಾಮೆರಾ ಸಿಕ್ಕಿಸುವ ಮೊದಲೇ

ಹಳೆಯ ಪವರ್ ಬಾಕ್ಸ್ ಏನು ಕೊಡುತ್ತಿದೆ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ಡಿಸಿ ವೋಲ್ಟ್‌ನಲ್ಲಿ ಒಮ್ಮೆ, ಎಸಿ ವೋಲ್ಟ್‌ನಲ್ಲಿ ಒಮ್ಮೆ ಅಳೆಯಿರಿ. ಹಳೆಯ ವ್ಯವಸ್ಥೆಗಳಲ್ಲಿ 24 ವೋಲ್ಟ್ ಎಸಿ ಕೊಡುವ ಬಾಕ್ಸ್‌ಗಳೂ ಇದ್ದವು. 12 ವೋಲ್ಟ್ ಡಿಸಿ ಮಾತ್ರ ತೆಗೆದುಕೊಳ್ಳುವ ಹೊಸ ಕ್ಯಾಮೆರಾ ಅದಕ್ಕೆ ತಗುಲಿದರೆ ಆ ಕ್ಷಣವೇ ಸುಡುತ್ತದೆ. ಡಿಸಿಯೇ ಬರುತ್ತಿದ್ದರೂ ಪ್ಲಸ್-ಮೈನಸ್ ನೋಡಿಕೊಳ್ಳಿ. ಕ್ಯಾಮೆರಾಗಳ ಗುಂಡು ಡಿಸಿ ಪಿನ್ ಸಾಮಾನ್ಯವಾಗಿ 5.5 × 2.1 ಮಿಲಿಮೀಟರ್ ಅಳತೆಯದು, ನಡುವೆ ಪ್ಲಸ್, ಹೊರಗೆ ಮೈನಸ್. ಹಿಂದೆ ಯಾರೋ ಮಾಡಿದ ಜೋಡಣೆಯಲ್ಲಿ ಕೆಂಪು ತಂತಿಯೇ ಪ್ಲಸ್ ಆಗಿರುತ್ತದೆ ಎಂದು ನಂಬಬೇಡಿ. ಮೀಟರ್ ತೋರಿಸಿದ್ದನ್ನು ಮಾತ್ರ ನಂಬಿ.

ಬರಿ ತುದಿಯ 12 ವೋಲ್ಟ್ ಮೋಸ

ಕ್ಯಾಮೆರಾ ಬಿಚ್ಚಿ, ಪಿನ್ನಿಗೆ ಮೀಟರ್ ಹಿಡಿದು, 12 ವೋಲ್ಟ್ ಬರುತ್ತಿದೆ, ಹಾಗಾಗಿ ಪವರ್ ಸರಿ ಇದೆ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕರೆಂಟು ಹರಿಯದಿದ್ದರೆ ತಂತಿಯಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ. ಒಂದೇ ಒಂದು ಎಳೆಯಲ್ಲಿ ಜೋತಾಡುತ್ತಿರುವ ತಂತಿಯೂ ಹಾಗೆ ಅಳೆದರೆ 12 ವೋಲ್ಟನ್ನೇ ತೋರಿಸುತ್ತದೆ. ಕ್ಯಾಮೆರಾ ಓಡುತ್ತಿರುವಾಗ, ಅದರಲ್ಲೂ ಕತ್ತಲಲ್ಲಿ ನೋಡಲು ಅದರಲ್ಲಿರುವ ಐಆರ್ ದೀಪಗಳು ಉರಿಯುತ್ತಿರುವಾಗ ಅಳೆದ ವೋಲ್ಟೇಜಿಗೆ ಮಾತ್ರ ಅರ್ಥವಿದೆ.

ಅದಕ್ಕಾಗಿ ರಾತ್ರಿಯವರೆಗೆ ಕಾಯಬೇಕಿಲ್ಲ. ಕ್ಯಾಮೆರಾದ ಮುಂಭಾಗವನ್ನು ದಪ್ಪ ಕಪ್ಪು ಬಟ್ಟೆಯಿಂದ ಪೂರ್ತಿ ಮುಚ್ಚಿ. ಕೆಲವು ಸೆಕೆಂಡಿನಲ್ಲಿ ಅದು ರಾತ್ರಿ ಎಂದು ತಿಳಿದು ಐಆರ್ ಹಚ್ಚುತ್ತದೆ, ಆಗ ಹಗಲಿನ ಫಿಲ್ಟರ್ ಸರಿಯುವ ಟಿಕ್ ಸದ್ದು ಕೇಳಿಸುತ್ತದೆ. ಡಿಸಿ ಪಿನ್ ಮತ್ತು ಕ್ಯಾಮೆರಾದ ನಡುವೆ ಸ್ಕ್ರೂ ಟರ್ಮಿನಲ್ ಇರುವ ಅಡಾಪ್ಟರ್ ಜೋಡಿಯನ್ನು ಸೇರಿಸಿಕೊಂಡರೆ, ಕ್ಯಾಮೆರಾ ಓಡುತ್ತಿರುವಾಗಲೇ ಆ ಸ್ಕ್ರೂಗಳ ಮೇಲೆ ಮೀಟರ್ ಕಡ್ಡಿ ಇಟ್ಟು ಅಳೆಯಬಹುದು. ಕ್ಯಾಮೆರಾ ಕೈಯಲ್ಲಿಲ್ಲದಿದ್ದರೆ ವಾಹನಗಳಲ್ಲಿ ಬಳಸುವ 12 ವೋಲ್ಟ್ 5 ವ್ಯಾಟ್ ಬಲ್ಬು ಸಾಕು. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಐಆರ್ ಉರಿಯುತ್ತಿರುವ ಕ್ಯಾಮೆರಾದ ಹಸಿವೂ ಹೆಚ್ಚುಕಡಿಮೆ ಅಷ್ಟೇ.

ಅದೇ ಹೊತ್ತಿಗೆ ಪವರ್ ಬಾಕ್ಸ್‌ನ ಟರ್ಮಿನಲ್‌ನಲ್ಲೂ ಅಳೆಯಬೇಕು. ಎಲ್ಲ ಕ್ಯಾಮೆರಾಗಳ ಐಆರ್ ಉರಿಯುವಾಗ ಬಾಕ್ಸ್‌ನಲ್ಲೇ 11 ವೋಲ್ಟ್‌ಗೆ ಇಳಿಯುತ್ತಿದ್ದರೆ ತಂತಿಯನ್ನು ದೂರುವುದು ತಪ್ಪು, ಪವರ್ ಸಪ್ಲೈಯೇ ಸಾಲುತ್ತಿಲ್ಲ. ಬಾಕ್ಸ್‌ನಲ್ಲಿ 12 ಗಟ್ಟಿಯಾಗಿ ನಿಂತು, ಕ್ಯಾಮೆರಾದ ತುದಿಯಲ್ಲಿ ಮಾತ್ರ ಕುಸಿದರೆ ನಷ್ಟವಾಗುತ್ತಿರುವುದು ದಾರಿಯಲ್ಲಿ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ

ಬಾಕ್ಸ್‌ನಿಂದ ಕ್ಯಾಮೆರಾಕ್ಕೆ 30 ಮೀಟರ್ ಕೇಬಲ್. ಪವರ್ ತಂತಿ 24 ಗೇಜ್ ತಾಮ್ರ, ಅಂದರೆ ಮೀಟರಿಗೆ 0.084 ಓಮ್. ಕ್ಯಾಮೆರಾ ಹಗಲಿನಲ್ಲಿ 1.8 ವ್ಯಾಟ್, ಐಆರ್ ಉರಿದಾಗ 5.4 ವ್ಯಾಟ್ ಬಳಸುತ್ತದೆ. 12 ವೋಲ್ಟ್‌ನಲ್ಲಿ ಇವು 0.15 ಮತ್ತು 0.45 ಆಂಪಿಯರ್. ಕರೆಂಟು ಹೋಗಿಬರಬೇಕಾದ್ದರಿಂದ ತಂತಿಯ ಉದ್ದವನ್ನು ಎರಡರಿಂದ ಗುಣಿಸಬೇಕು.

```
R = 30 × 2 × 0.084 = 5.04 Ω
V = 12 − (0.45 × 5.04) = 9.73 V
```

9.73 ವೋಲ್ಟ್ ಅಷ್ಟೇನೂ ಕೆಟ್ಟದ್ದಲ್ಲ ಎನಿಸಬಹುದು. ಆದರೆ ವಾಸ್ತವ ಇದಕ್ಕಿಂತ ಕೆಟ್ಟದಾಗಿರುತ್ತದೆ. ಈಗಿನ ಬಹುತೇಕ ಕ್ಯಾಮೆರಾಗಳ ಒಳಗೆ ಸ್ವಿಚಿಂಗ್ ರೆಗ್ಯುಲೇಟರ್ ಇರುತ್ತದೆ. ಬರುವ ವೋಲ್ಟೇಜ್ ಕಡಿಮೆಯಾದರೆ ಅದು ಸುಮ್ಮನಿರುವುದಿಲ್ಲ, ಅಷ್ಟೇ ವ್ಯಾಟ್ ಪಡೆಯಲು ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚು ಕರೆಂಟು ಎಂದರೆ ತಂತಿಯಲ್ಲಿ ಇನ್ನಷ್ಟು ಇಳಿತ, ಆ ಇಳಿತಕ್ಕೆ ಮತ್ತಷ್ಟು ಕರೆಂಟು. ಮೇಲಿನ ಉದಾಹರಣೆಯಲ್ಲಿ ಈ ಎಳೆದಾಟ ನಿಲ್ಲುವುದು ಸುಮಾರು 0.6 ಆಂಪಿಯರ್, 8.96 ವೋಲ್ಟ್‌ನಲ್ಲಿ. ಕ್ಯಾಮೆರಾದ ವಿವರಪಟ್ಟಿಯಲ್ಲಿ 12 ವೋಲ್ಟ್ ±10% ಎಂದಿದ್ದರೆ ಕೆಳಮಿತಿ 10.8 ವೋಲ್ಟ್. ±25% ಎಂದಿದ್ದರೂ 9 ವೋಲ್ಟ್. ಎರಡರಲ್ಲೂ ಇದು ಮಿತಿಯ ಕೆಳಗಿದೆ.

ಆಗ ಆಗುವುದು ಇಷ್ಟು. ಐಆರ್ ಹತ್ತುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆಫ್ ಆಗುತ್ತದೆ. ಆಫ್ ಆದ ಕೂಡಲೇ ಭಾರ ಇಳಿದು ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಮತ್ತೆ ಶುರುವಾಗುತ್ತದೆ, ಕತ್ತಲೆ ಕಂಡು ಮತ್ತೆ ಐಆರ್ ಹಚ್ಚುತ್ತದೆ. ಪರದೆಯ ಮೇಲೆ ಬಂದು ಹೋಗುವ ಚಿತ್ರ, ಆ ಟಿಕ್ ಸದ್ದು ಎರಡೂ ಇದೇ ಚಕ್ರದ ಗುರುತುಗಳು. ಹಗಲಿನಲ್ಲಿ ಇದೇ ತಂತಿಯ ತುದಿಯಲ್ಲಿ 11.2 ವೋಲ್ಟ್ ಇರುವುದರಿಂದ ಯಾವ ತೊಂದರೆಯೂ ಕಾಣುವುದಿಲ್ಲ.

ಕ್ಯಾಮೆರಾ ಅದಲುಬದಲು ಮಾಡಿದಾಗ ಗೊಂದಲವಾಗುವುದೂ ಇದರಿಂದಲೇ. ಇದೇ ಕ್ಯಾಮೆರಾವನ್ನು ಇದೇ ತಂತಿಯ 10 ಮೀಟರ್ ಓಟಕ್ಕೆ ಹಾಕಿದರೆ ರಾತ್ರಿಯೂ 11.2 ವೋಲ್ಟ್ ಸಿಗುತ್ತದೆ, ಸೊಗಸಾಗಿ ಓಡುತ್ತದೆ. ಮೇಜಿನ ಮೇಲೆ ಅಡಾಪ್ಟರ್‌ಗೆ ಸಿಕ್ಕಿಸಿ ನೋಡಿದರೂ ಅಷ್ಟೇ. ಕ್ಯಾಮೆರಾ ಅಲ್ಲಿ ಸರಿ, ಇಲ್ಲಿ ಇಲ್ಲ ಎಂದಾದರೆ ದೋಷ ಈ ಓಟದ ತಂತಿಯಲ್ಲಿದೆ ಎಂದೇ ಅರ್ಥ. ಹಳೆಯ ಕ್ಯಾಮೆರಾ ಇದೇ ತಂತಿಯಲ್ಲಿ ವರ್ಷಗಟ್ಟಲೆ ಓಡಿತ್ತಲ್ಲ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಅದರ ಐಆರ್ ಚಿಕ್ಕದಾಗಿದ್ದಿರಬಹುದು, ಇಲ್ಲದೆಯೂ ಇದ್ದಿರಬಹುದು.

ತಂತಿಯ ಲೋಹವನ್ನೂ ನೋಡಬೇಕು. ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಸಾಮಾನ್ಯವಾಗಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅದರ ರೋಧ ಅದೇ ಗಾತ್ರದ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗಿದ್ದರೆ ಮೇಲಿನ 30 ಮೀಟರ್‌ನಲ್ಲಿ ರಾತ್ರಿಯ 5.4 ವ್ಯಾಟ್ ಕ್ಯಾಮೆರಾ ಓಡುವುದೇ ಇಲ್ಲ. ತಂತಿಯ ಮೂಲಕ ತಲುಪಿಸಬಹುದಾದ ಗರಿಷ್ಠ ವಿದ್ಯುತ್ತಿಗೂ ಮಿತಿ ಇದೆ: ವೋಲ್ಟೇಜಿನ ವರ್ಗವನ್ನು ರೋಧದ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. 5.04 ಓಮ್‌ಗೆ ಅದು 7.1 ವ್ಯಾಟ್. 8 ಓಮ್ ಆದರೆ 4.5 ವ್ಯಾಟ್ ಮಾತ್ರ.

ಕೇಬಲ್ ಬದಲಿಸದೆ ಏನು ಮಾಡಬಹುದು

ತ್ರೀ ಪ್ಲಸ್ ಒನ್ ಕೇಬಲ್ ಆಗಿದ್ದು ಮೂರನೆಯ ತಂತಿ ಖಾಲಿ ಇದ್ದರೆ, ಮೊದಲು ಅದನ್ನು ಎರಡೂ ತುದಿಯಲ್ಲಿ ಮೈನಸ್ ಜೊತೆ ಸೇರಿಸಿ. ಒಂದು ಕಡೆಯ ರೋಧ ಅರ್ಧವಾಗಿ ಒಟ್ಟು 5.04 ಇದ್ದದ್ದು 3.78 ಓಮ್‌ಗೆ ಇಳಿಯುತ್ತದೆ. ರಾತ್ರಿಯ ವೋಲ್ಟೇಜ್ 8.96ರಿಂದ ಸುಮಾರು 9.95ಕ್ಕೆ ಏರುತ್ತದೆ. 9 ವೋಲ್ಟ್‌ವರೆಗೆ ಸಹಿಸುವ ಕ್ಯಾಮೆರಾಕ್ಕೆ ಅಷ್ಟು ಸಾಕು. ಕಾಸು ಖರ್ಚಿಲ್ಲದ ದಾರಿ ಇದು. ಆದರೆ 10.8 ಬೇಕೆನ್ನುವ ಕ್ಯಾಮೆರಾಕ್ಕೆ ಸಾಲದು.

ಪವರ್ ಬಾಕ್ಸ್‌ನೊಳಗಿನ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿಸುವ ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿ 13 ವೋಲ್ಟ್ ಮಾಡುವವರಿದ್ದಾರೆ. ಸ್ವಲ್ಪ ನೆರವಾಗುತ್ತದೆ ನಿಜ, ಆದರೆ ಬಾಕ್ಸ್‌ನ ಪಕ್ಕದಲ್ಲೇ ಇರುವ ಕ್ಯಾಮೆರಾಕ್ಕೆ ಆ ಹೆಚ್ಚುವರಿ ವೋಲ್ಟೇಜ್ ಪೂರ್ತಿ ತಲುಪುತ್ತದೆ. ಅದರ ಸಹನೆ ±10% ಆಗಿದ್ದರೆ 13.2 ದಾಟುವಂತಿಲ್ಲ. ಹಾಗಾಗಿ ಇದನ್ನು ಎಲ್ಲ ಓಟಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರುವಲ್ಲಿ ಮಾತ್ರ ಮಾಡಿ.

ಕ್ಯಾಮೆರಾದ ಹತ್ತಿರ ಮೇನ್ಸ್ ಪ್ಲಗ್ ಇದ್ದರೆ ಅಲ್ಲೇ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಕೊಡುವುದು ಸುಲಭ. ಹಳೆಯ ಪವರ್ ತಂತಿಯನ್ನು ಬಿಟ್ಟು ಕೋಆಕ್ಸಿಯಲ್ಲನ್ನು ಮಾತ್ರ ಬಳಸಿಕೊಂಡಂತಾಯಿತು. ಆದರೆ ಡಿವಿಆರ್‌ಗೆ ಬ್ಯಾಕಪ್ ಇದ್ದು ಕ್ಯಾಮೆರಾಕ್ಕೆ ಇಲ್ಲದ ಪರಿಸ್ಥಿತಿ ಬರುತ್ತದೆ, ಅದನ್ನು ಯೋಚಿಸಿ ಒಪ್ಪಿಕೊಳ್ಳಿ.

ಉದ್ದದ ಓಟಕ್ಕೆ ಅತ್ಯುತ್ತಮ ದಾರಿ, ತಂತಿಯಲ್ಲಿ 24 ವೋಲ್ಟ್ ಡಿಸಿ ಕಳಿಸಿ ಕ್ಯಾಮೆರಾದ ಬಳಿ ಅದನ್ನು 12ಕ್ಕೆ ಇಳಿಸುವುದು. ಇಳಿಸಲು ಎಲ್‌ಎಂ2596 ಚಿಪ್ ಇರುವ ಸಣ್ಣ ಬಕ್ ಕನ್ವರ್ಟರ್ ಬೋರ್ಡ್ ಸಾಕು. ಅದರ ದಕ್ಷತೆ 85% ಎಂದುಕೊಂಡರೆ ತಂತಿಯ ತುದಿಯಲ್ಲಿ ಬೇಕಾಗುವುದು 6.35 ವ್ಯಾಟ್. 24 ವೋಲ್ಟ್‌ನಲ್ಲಿ ಇದಕ್ಕೆ ಕೇವಲ 0.28 ಆಂಪಿಯರ್ ಸಾಕು, ಅದೇ 5.04 ಓಮ್ ತಂತಿಯಲ್ಲಿ ಇಳಿತ 1.4 ವೋಲ್ಟ್ ಅಷ್ಟೆ. ಕನ್ವರ್ಟರ್‌ಗೆ 22.6 ವೋಲ್ಟ್ ತಲುಪುತ್ತದೆ, ಕ್ಯಾಮೆರಾಕ್ಕೆ ಗಟ್ಟಿ 12 ಸಿಗುತ್ತದೆ. ಕ್ರಮ ಮಾತ್ರ ತಪ್ಪಬಾರದು: ಮೊದಲು ಕನ್ವರ್ಟರ್‌ಗೆ ಬಲ್ಬು ಹಾಕಿ ಔಟ್‌ಪುಟ್ಟನ್ನು 12.0ಗೆ ತಿರುಗಿಸಿ, ತಿರುಪಿಗೆ ಒಂದು ಹನಿ ಉಗುರು ಬಣ್ಣ ಹಾಕಿ ಭದ್ರ ಮಾಡಿ, ಆಮೇಲೆ ಕ್ಯಾಮೆರಾ ಜೋಡಿಸಿ. ಬಾಕ್ಸ್‌ನ ತುದಿಯಲ್ಲಿ ಆ ಓಟಕ್ಕೆ 24 ವೋಲ್ಟ್ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಮುಂದೆ ಯಾರೋ ಕನ್ವರ್ಟರ್ ಕಿತ್ತು ನೇರವಾಗಿ ಕ್ಯಾಮೆರಾ ಸಿಕ್ಕಿಸಿದರೆ ಅದು ಉಳಿಯುವುದಿಲ್ಲ.

ಮೈನಸ್ ತಂತಿ ಕಡಿದರೂ ಓಡುವ ಕ್ಯಾಮೆರಾ

ಇದೊಂದು ವಿಚಿತ್ರ ದೋಷ, ಗೊತ್ತಿಲ್ಲದಿದ್ದರೆ ದಿನಗಟ್ಟಲೆ ಅಲೆಸುತ್ತದೆ. ಸಾಮಾನ್ಯ ಕ್ಯಾಮೆರಾಗಳ ಒಳಗೆ ಪವರ್‌ನ ಮೈನಸ್ ಮತ್ತು ಚಿತ್ರದ ಕನೆಕ್ಟರ್ ಆದ ಬಿಎನ್‌ಸಿಯ ಹೊರಕವಚ ಒಂದೇ ಬಿಂದು. ನಾಲ್ಕಾರು ಕ್ಯಾಮೆರಾಗಳಿಗೆ ಒಂದೇ ಪವರ್ ಬಾಕ್ಸ್ ಇದ್ದಾಗ ಎಲ್ಲದರ ಮೈನಸ್ ಬಾಕ್ಸ್‌ನಲ್ಲಿ ಕೂಡುತ್ತದೆ, ಎಲ್ಲದರ ಕೋಆಕ್ಸಿಯಲ್ ಜಾಲರಿ ಡಿವಿಆರ್‌ನಲ್ಲಿ ಕೂಡುತ್ತದೆ. ಈಗ ಒಂದು ಕ್ಯಾಮೆರಾದ ಮೈನಸ್ ತಂತಿ ತುಕ್ಕು ಹಿಡಿದೋ ಸಡಿಲವಾಗಿಯೋ ಬಿಟ್ಟುಕೊಂಡರೆ ಅದರ ಕರೆಂಟು ಜಾಲರಿಯ ಮೂಲಕ ಡಿವಿಆರ್‌ಗೆ ಬಂದು, ಅಲ್ಲಿಂದ ಉಳಿದ ಕ್ಯಾಮೆರಾಗಳ ಜಾಲರಿ ಮತ್ತು ಮೈನಸ್ ಮೂಲಕ ಬಾಕ್ಸ್‌ಗೆ ಮರಳುತ್ತದೆ. ಕ್ಯಾಮೆರಾ ಓಡುತ್ತಲೇ ಇರುತ್ತದೆ, ಆದರೆ ಆ ಚಾನೆಲ್‌ನಲ್ಲಿ ಅಡ್ಡಪಟ್ಟಿ ಹರಿದಾಡುತ್ತದೆ. ಒಮ್ಮೊಮ್ಮೆ ಏನೂ ತಪ್ಪಿಲ್ಲದ ಪಕ್ಕದ ಚಾನೆಲ್ಲೂ ಕದಡುತ್ತದೆ.

ಪರೀಕ್ಷೆ ಸರಳ. ಅನುಮಾನವಿರುವ ಕ್ಯಾಮೆರಾದ ಬಿಎನ್‌ಸಿಯನ್ನು ಡಿವಿಆರ್‌ನಿಂದ ಬಿಚ್ಚಿ, ಕ್ಯಾಮೆರಾದ ತುದಿಯಲ್ಲಿ ಪವರ್ ನೋಡಿ. ಬಿಎನ್‌ಸಿ ಬಿಚ್ಚಿದ ಕ್ಷಣ ಐಆರ್ ಆರಿದರೆ ಅಥವಾ ವೋಲ್ಟೇಜ್ ತಟ್ಟನೆ ಕುಸಿದರೆ ಮೈನಸ್ ತಂತಿಯೇ ದೋಷಿ. ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ಪಟ್ಟಿ ಹೋಗಿಸುವ ಮೊದಲು ಈ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿ.

ಪವರ್ ಸರಿ ಇದ್ದೂ ಚಿತ್ರ ಕೆಟ್ಟಿದ್ದರೆ

ಚಿತ್ರವೇ ಬರುತ್ತಿಲ್ಲ, ಅಥವಾ ಕಪ್ಪುಬಿಳುಪಿನ ಓರೆ ಗೆರೆಗಳು ಉರುಳುತ್ತಿವೆ ಎಂದಾದರೆ ಮೊದಲ ಅನುಮಾನ ಕೇಬಲ್ ಮೇಲಲ್ಲ, ಸಿಗ್ನಲ್‌ನ ಬಗೆಯ ಮೇಲೆ. ಕನೆಕ್ಟರ್ ಒಂದೇ ಬಿಎನ್‌ಸಿ ಆದರೂ ಅದರಲ್ಲಿ ಹರಿಯುವುದು ಹಳೆಯ ಅನಲಾಗ್ ಸಿಗ್ನಲ್ ಆದ ಸಿವಿಬಿಎಸ್ ಆಗಿರಬಹುದು, ಎಚ್‌ಡಿ-ಟಿವಿಐ, ಎಚ್‌ಡಿ-ಸಿವಿಐ ಅಥವಾ ಎಎಚ್‌ಡಿ ಆಗಿರಬಹುದು. ಹಳೆಯ ಡಿವಿಆರ್‌ಗೆ ಸಿವಿಬಿಎಸ್ ಬಿಟ್ಟು ಬೇರೇನೂ ಅರ್ಥವಾಗುವುದಿಲ್ಲ. ನಾಲ್ಕೂ ಬಗೆ ಕೊಡುವ ಕ್ಯಾಮೆರಾಗಳಲ್ಲಿ ಬಾಲದ ತಂತಿಯ ಮೇಲೆ ಸಣ್ಣ ಜಾಯ್‌ಸ್ಟಿಕ್ ಅಥವಾ ಪುಟಾಣಿ ಸ್ವಿಚ್ಚುಗಳು ಇರುತ್ತವೆ. ಜಾಯ್‌ಸ್ಟಿಕ್ಕನ್ನು ಒಂದು ದಿಕ್ಕಿಗೆ ಸುಮಾರು 5 ಸೆಕೆಂಡ್ ಒತ್ತಿ ಹಿಡಿದರೆ ಬಗೆ ಬದಲಾಗುತ್ತದೆ. ಯಾವ ದಿಕ್ಕು ಯಾವುದಕ್ಕೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಪೆಟ್ಟಿಗೆಯ ಚೀಟಿ ನೋಡಿ.

ಇದೇ ಸ್ವಿಚ್ ಕೇಬಲ್ ಪರೀಕ್ಷೆಗೂ ಒಳ್ಳೆಯ ಸಾಧನ. ಕ್ಯಾಮೆರಾವನ್ನು ಸಿವಿಬಿಎಸ್‌ಗೆ ಇಳಿಸಿ ಅದೇ ತಂತಿಯಲ್ಲಿ ನೋಡಿ. ಸಿವಿಬಿಎಸ್‌ನಲ್ಲಿ ನಿರ್ಮಲ ಚಿತ್ರ, 1080ಪಿಯಲ್ಲಿ ಮಾತ್ರ ತೊಂದರೆ ಎಂದರೆ ತಂತಿ ತುಂಡಾಗಿಲ್ಲ, ಆದರೆ ಹೆಚ್ಚಿನ ಆವರ್ತನ ದಾರಿಯಲ್ಲೇ ನಶಿಸುತ್ತಿದೆ. ಇದರ ಮೊದಲ ಗುರುತು ಬಣ್ಣ. ಎಚ್‌ಡಿ ಅನಲಾಗ್‌ನಲ್ಲಿ ಬಣ್ಣದ ಮಾಹಿತಿ ಮೇಲಿನ ಆವರ್ತನದಲ್ಲಿ ಹೋಗುವುದರಿಂದ, ನಷ್ಟ ಹೆಚ್ಚಾದಾಗ ಹಗಲಿನಲ್ಲೂ ಚಿತ್ರ ಮಂಕಾಗಿ ಕಪ್ಪುಬಿಳುಪಿಗೆ ತಿರುಗುತ್ತದೆ. ವಸ್ತುಗಳ ಬಲಕ್ಕೆ ನೆರಳಿನಂಥ ಎರಡನೆಯ ಅಂಚು ಕಂಡರೆ ಅದು ನಷ್ಟವಲ್ಲ, ಪ್ರತಿಫಲನ: ದಾರಿಯಲ್ಲಿ ಎಲ್ಲೋ ಕೇಬಲ್ ಉದ್ದಕ್ಕೂ ಒಂದೇ ಸಮ ಇರಬೇಕಾದ 75 ಓಮ್ ಇಂಪೀಡೆನ್ಸ್ ತಪ್ಪಿದೆ.

ಪ್ರತಿಫಲನದ ಮೂಲ ಹೆಚ್ಚಾಗಿ ಸಿಗುವುದು ಜೋಡಣೆಗಳಲ್ಲಿ. ಕೇಬಲ್ ಸಾಲದೆ ಬಂದಾಗ ಕೋಆಕ್ಸಿಯಲ್‌ನ ನಡುತಂತಿ ಮತ್ತು ಜಾಲರಿಯನ್ನು ಬಿಚ್ಚಿ ಕೈಯಲ್ಲಿ ಹುರಿ ಹೊಸೆದು ಟೇಪ್ ಸುತ್ತಿದ ಕಡೆ, ಹಿಂದೆ ಎರಡನೆಯ ಮಾನಿಟರ್‌ಗೆಂದು ಹಾಕಿ ಮರೆತ ಟಿ ಕನೆಕ್ಟರ್, ನಡುವೆ ಸೇರಿಸಿದ 50 ಓಮ್‌ನ ಆರ್‌ಜಿ-58 ತುಂಡು. ಸಿವಿಬಿಎಸ್ ಇವೆಲ್ಲವನ್ನೂ ಕ್ಷಮಿಸುತ್ತಿತ್ತು, ಹೊಸ ಸಿಗ್ನಲ್ ಕ್ಷಮಿಸುವುದಿಲ್ಲ. ಅವನ್ನೆಲ್ಲ ತೆಗೆದು ಎರಡೂ ತುದಿಗೆ 75 ಓಮ್ ಬಿಎನ್‌ಸಿ ಹಾಕಿ, ನಡುವೆ ಬಿಎನ್‌ಸಿ ಜೋಡಕದಿಂದ ಸೇರಿಸಿ. ಅದೇ ರೀತಿ ಹಳೆಯ ವಿಡಿಯೊ ಆಂಪ್ಲಿಫಯರ್, ಐಸೊಲೇಟರ್, ಸರ್ಜ್ ರಕ್ಷಕಗಳು ಸಿವಿಬಿಎಸ್‌ನ ಕೆಲವೇ ಮೆಗಾಹರ್ಟ್ಸ್‌ಗೆ ಮಾಡಿದವಾಗಿದ್ದರೆ ಹೊಸ ಚಿತ್ರವನ್ನು ಅವೇ ನುಂಗುತ್ತವೆ. ಅವನ್ನು ದಾಟಿಸಿ ನೇರ ಜೋಡಿಸಿ ನೋಡಿ.

ಕನೆಕ್ಟರ್‌ನಲ್ಲಿ ಸ್ಕ್ರೂ ಬಗೆಯದೇ ಹೆಚ್ಚು ತೊಂದರೆ ಕೊಡುತ್ತದೆ. ಜಾಲರಿಯ ಕೂದಲಿನಷ್ಟು ತೆಳು ಎಳೆಯೊಂದು ನಡುತಂತಿಗೆ ತಾಗಿದರೂ ಸಾಕು. ಡಿವಿಆರ್ ಮತ್ತು ಕ್ಯಾಮೆರಾ ಎರಡೂ ಬಿಚ್ಚಿದ ತಂತಿಯಲ್ಲಿ ಪಿನ್ ಮತ್ತು ಹೊರಕವಚದ ನಡುವೆ ಮೀಟರ್ ಅನಂತ ತೋರಿಸಬೇಕು. ಆಮೇಲೆ ದೂರದ ತುದಿಗೆ 75 ಓಮ್ ರೆಸಿಸ್ಟರ್ ಅಥವಾ ಟರ್ಮಿನೇಟರ್ ಹಾಕಿ ಈ ತುದಿಯಲ್ಲಿ ಅಳೆಯಿರಿ. ತಾಮ್ರದ ಆರ್‌ಜಿ-59ರ 30 ಮೀಟರ್‌ಗೆ 75ರ ಮೇಲೆ ಒಂದೆರಡು ಓಮ್ ಮಾತ್ರ ಹೆಚ್ಚು ಬರಬೇಕು. 85, 90 ಎಂದು ಬಂದರೆ ನಡುತಂತಿ ತಾಮ್ರ ಲೇಪಿತ ಉಕ್ಕು, ಅಥವಾ ತಂತಿ ತೀರ ತೆಳು, ಇಲ್ಲವೇ ಎಲ್ಲೋ ಜೋಡಣೆ ಸಡಿಲ. ಅಳೆಯುತ್ತಲೇ ಕನೆಕ್ಟರನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ ಕುಣಿದರೆ ಆ ತುದಿಯನ್ನು ಕತ್ತರಿಸಿ ಕ್ರಿಂಪ್ ಬಿಎನ್‌ಸಿ ಹಾಕಿ. ಕತ್ತರಿಸಿದಾಗ ಜಾಲರಿ ಕಪ್ಪಾಗಿದ್ದರೆ ಕೇಬಲ್ ಒಳಗೆ ನೀರು ಹೋಗಿದೆ, ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಒಂದು ಮೀಟರ್ ಕತ್ತರಿಸಿದರೂ ಕಪ್ಪೇ ಕಾಣುತ್ತಿದ್ದರೆ ಆ ಓಟವನ್ನು ಹೊಸದಾಗಿ ಎಳೆಯುವುದೇ ಸರಿ.

ಎಲ್ಲ ಮುಗಿದ ಮೇಲೆ ಪ್ರತಿ ಕ್ಯಾಮೆರಾದ ಮುಂಭಾಗ ಮುಚ್ಚಿ, ಎಲ್ಲದರ ಐಆರ್ ಒಟ್ಟಿಗೆ ಉರಿಯುವಂತೆ ಮಾಡಿ ಅರ್ಧ ಗಂಟೆ ಬಿಡಿ. ಬಿಸಿಯಾದಾಗ ಬಿಟ್ಟುಕೊಡುವ ಜೋಡಣೆ ಅಷ್ಟರಲ್ಲಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಆಗ ಪ್ರತಿ ತುದಿಯ ವೋಲ್ಟೇಜನ್ನು ಅಳೆದು, ತಾರೀಖಿನ ಜೊತೆ ಪವರ್ ಬಾಕ್ಸ್‌ನ ಮುಚ್ಚಳದ ಒಳಗೆ ಬರೆದಿಡಿ. ಮುಂದೊಂದು ದಿನ ಇದೇ ದೂರು ಬಂದಾಗ ಹೊಸ ಅಂಕಿಯನ್ನು ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಕೆಟ್ಟಿರುವುದು ಯಾವ ಓಟ ಎಂಬುದು ಏಣಿ ಹತ್ತುವ ಮೊದಲೇ ಗೊತ್ತಾಗುತ್ತದೆ.